ಕೆಂಪು ಪರದೆಗಿಂತ ಕೆಟ್ಟದ್ದು

ಎಡಿಟಿಂಗ್ ಮುಗಿದು ಲಾಕ್ ಆದ ಸಿನಿಮಾ ಡಿಐ ಕೋಣೆಗೆ ಹೋಗುತ್ತದೆ. ಕಲರಿಸ್ಟ್ ಟೈಮ್‌ಲೈನ್ ತೆರೆದಾಗ ಪರದೆಯೆಲ್ಲ ಕೆಂಪಾಗಿ Media Offline ಎಂದು ಬಂದರೆ ನಿರ್ದೇಶಕರ ಎದೆ ಧಸಕ್ ಎನ್ನುತ್ತದೆ. ನನ್ನನ್ನು ಕೇಳಿದರೆ ಕೆಂಪು ಪರದೆ ಪ್ರಾಮಾಣಿಕವಾದದ್ದು. ‘ಈ ಶಾಟ್ ನನಗೆ ಸಿಗಲಿಲ್ಲ’ ಎಂದು ನೇರವಾಗಿ ಹೇಳುತ್ತದೆ, ಹುಡುಕಿ ಕೊಟ್ಟರೆ ಸುಮ್ಮನಾಗುತ್ತದೆ. ಹೆದರಬೇಕಾದ್ದು, ಮೂರನೇ ದಿನ ತೆಗೆದ ಬಾಗಿಲಿನ ಶಾಟ್ ಇರಬೇಕಾದ ಜಾಗದಲ್ಲಿ ಮೊದಲ ದಿನ ತೆಗೆದ ಇನ್ನೊಂದು ಬಾಗಿಲು ಸದ್ದಿಲ್ಲದೆ ಬಂದು ಕೂತಾಗ. ಪರದೆ ಕೆಂಪಾಗುವುದಿಲ್ಲ. ಕಲರಿಸ್ಟ್ ಕಥೆ ಓದಿರುವುದಿಲ್ಲ, ಆ ಶಾಟಿಗೇ ಬಣ್ಣ ಹಚ್ಚಿ ಮುಂದೆ ಹೋಗುತ್ತಾರೆ.

ಇದು ಹೇಗೆ ಆಗುತ್ತದೆಂದು ತಿಳಿಯಲು, ಎಡಿಟರ್ ಕಳಿಸುವ ಫೈಲಿನಲ್ಲಿ ಏನಿರುತ್ತದೆ ಎಂಬುದನ್ನು ನೋಡಬೇಕು. ಎಕ್ಸ್‌ಎಂಎಲ್ ಆಗಲಿ, ಇಡಿಎಲ್ ಆಗಲಿ, ಅದರೊಳಗೆ ಒಂದು ಫ್ರೇಮ್ ಚಿತ್ರವೂ ಇರುವುದಿಲ್ಲ. ಯಾವ ಕ್ಲಿಪ್ಪಿನ ಯಾವ ಭಾಗವನ್ನು ಸಿನಿಮಾದಲ್ಲಿ ಎಲ್ಲಿಗೆ ಹಾಕಬೇಕು ಎಂಬ ಬರಹ ಮಾತ್ರ ಇರುತ್ತದೆ. ಇಡಿಎಲ್ ಟೇಪಿನ ಕಾಲದ್ದು. ಸಿಬಿಎಸ್ ಮತ್ತು ಮೆಮೊರೆಕ್ಸ್ ಸೇರಿ ಕಟ್ಟಿದ ಸಿಎಂಎಕ್ಸ್ ಎಂಬ ಕಂಪನಿ 1971ರಲ್ಲಿ ಕಂಪ್ಯೂಟರಿನಲ್ಲಿ ಎಡಿಟ್ ಮಾಡುವ ಯಂತ್ರ ತಂದಿತು. ಅದರ ಮುಂದಿನ ಮಾದರಿಯಾದ 3600ರ ಪಟ್ಟಿಯ ರೂಪವೇ ಇಂದಿಗೂ ಚಾಲ್ತಿಯಲ್ಲಿದೆ. ಅದು ಹೀಗಿರುತ್ತದೆ:

```
TITLE: KIRUCHITRA_LOCK
FCM: NON-DROP FRAME

001  A001C003 V  C  02:14:10:08 02:14:15:20 01:00:00:00 01:00:05:12
* FROM CLIP NAME: A001C003_240112_R2EC.MOV
002  A001C007 V  C  02:41:33:00 02:41:36:18 01:00:05:12 01:00:09:06
* FROM CLIP NAME: A001C007_240112_R2EC.MOV
```

ಮೊದಲ ಸಾಲನ್ನು ಎಡದಿಂದ ಓದಿ. ಒಂದನೇ ಕಟ್, A001C003 ಎಂಬ ರೀಲ್, V ಎಂದರೆ ವಿಡಿಯೊ, C ಎಂದರೆ ನೇರ ಕಟ್. ಮುಂದಿನ ಎರಡು ಅಂಕಿಗಳು ಕ್ಯಾಮೆರಾ ಫೈಲಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುತ್ತವೆ, ಕೊನೆಯ ಎರಡು ಸಿನಿಮಾದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು. ಎರಡೂ ಕಡೆ ಲೆಕ್ಕ 5 ಸೆಕೆಂಡು 12 ಫ್ರೇಮಿಗೇ ಬರಬೇಕು. ರೀಲಿನ ಹೆಸರಿಗೆ ಇಲ್ಲಿ ಸಿಗುವುದು ಎಂಟು ಅಕ್ಷರಗಳ ಜಾಗ, ವಿಡಿಯೊಗೆ ಸಿಗುವುದು ಒಂದೇ ಟ್ರ್ಯಾಕ್. ಶಾಟಿನ ಹಿಗ್ಗಿಸಿದ ಗಾತ್ರ, ಪಕ್ಕಕ್ಕೆ ಸರಿಸಿದ ಜಾಗ ಇದರಲ್ಲಿ ಹೋಗುವುದಿಲ್ಲ.

ಅದಕ್ಕೇ ಹೆಚ್ಚಿನವರು ಎಕ್ಸ್‌ಎಂಎಲ್ ಕಳಿಸುತ್ತಾರೆ. ಹಲವು ಟ್ರ್ಯಾಕ್, ಶಾಟಿನ ಗಾತ್ರ, ಒಂದೇ ಸಮನಾದ ವೇಗ ಬದಲಾವಣೆ, ಜೊತೆಗೆ ಫೈಲ್ ಇರುವ ಜಾಗದ ಪೂರ್ತಿ ವಿಳಾಸ ಅದರಲ್ಲಿರುತ್ತದೆ. ಅಂದಹಾಗೆ, ಪ್ರೀಮಿಯರ್ ಇವತ್ತಿಗೂ ಬರೆದುಕೊಡುವುದು ಫೈನಲ್ ಕಟ್ ಪ್ರೊ 7ರ ಎಕ್ಸ್‌ಎಂಎಲ್. ಆ ಸಾಫ್ಟ್‌ವೇರನ್ನು ಆಪಲ್ 2011ರಲ್ಲೇ ನಿಲ್ಲಿಸಿತು, ಅದರ ಭಾಷೆ ಮಾತ್ರ ಉಳಿದಿದೆ.

ಈಗ ಒಂದು ಉದಾಹರಣೆ. ಇಪ್ಪತ್ತೆರಡು ನಿಮಿಷದ, 24 ಫ್ರೇಮಿನ ಕಿರುಚಿತ್ರ ಎಂದಿಟ್ಟುಕೊಳ್ಳಿ. ಮುಖ್ಯ ಕ್ಯಾಮೆರಾ ಅಲೆಕ್ಸಾ, ಎರಡನೆಯದು ಸೋನಿಯ ಮಿರರ್‌ಲೆಸ್. ಎಡಿಟ್ ಪ್ರೀಮಿಯರಿನಲ್ಲಿ, ಕಲರ್ ಡಾವಿಂಚಿ ರಿಸಾಲ್ವ್‌ನಲ್ಲಿ, ಮಿಕ್ಸಿಂಗ್ ಪ್ರೊ ಟೂಲ್ಸ್‌ನಲ್ಲಿ. ಅಲೆಕ್ಸಾದ ಫೈಲ್ ಹೆಸರಿನಲ್ಲಿ ಕಾರ್ಡಿನ ಸಂಖ್ಯೆ, ಕ್ಲಿಪ್ಪಿನ ಸಂಖ್ಯೆ, ತಾರೀಖು ಎಲ್ಲ ಇರುವುದರಿಂದ ಒಂದರಂತೆ ಇನ್ನೊಂದಿರುವುದಿಲ್ಲ. ಸೋನಿಯದು ಹಾಗಲ್ಲ. ದಿನವೂ ಕಾರ್ಡ್ ಫಾರ್ಮ್ಯಾಟ್ ಮಾಡಿ, ಸಂಖ್ಯೆ ಮತ್ತೆ ಮೊದಲಿಂದ ಶುರುವಾಗುವಂತೆ ಇಟ್ಟಿದ್ದರೆ C0001, C0002 ಎಂದೇ ಬರುತ್ತದೆ. ಮೂರು ದಿನದ ಶೂಟಿಂಗಿಗೆ ಮೂರು C0007.MP4. ಟೈಮ್‌ಕೋಡನ್ನೂ ದಿನಾ ಬೆಳಿಗ್ಗೆ ಸೊನ್ನೆಗೆ ತಂದಿದ್ದರು ಎನ್ನಿ. ಮೊದಲ ದಿನದ C0007 ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಶುರುವಾಗಿ ಐದೂವರೆ ನಿಮಿಷದವರೆಗೆ ಇದೆ. ಮೂರನೇ ದಿನದ್ದು ಮೂರು ನಿಮಿಷ ಐವತ್ತು ಸೆಕೆಂಡಿನಿಂದ ನಾಲ್ಕು ನಿಮಿಷ ಐವತ್ತರವರೆಗೆ ಇದೆ. ಎಡಿಟರ್ ಬಳಸಿದ್ದು ಮೂರನೇ ದಿನದ್ದರಲ್ಲಿ 00:04:20:00ರಿಂದ ಮೂರು ಸೆಕೆಂಡು.

ಎಕ್ಸ್‌ಎಂಎಲ್‌ನಲ್ಲಿ ಆ ಕ್ಲಿಪ್ಪಿನ ವಿಳಾಸ ಹೀಗಿರುತ್ತದೆ:

```
<pathurl>file://localhost/E%3a/Day03/CamB/C0007.MP4</pathurl>
```

ಎಡಿಟರ್ ಮನೆಯ ಕಂಪ್ಯೂಟರಿನಲ್ಲಿ E ಡ್ರೈವ್ ಇದೆ, ಕಲರಿಸ್ಟ್ ಹತ್ತಿರ ಇರುವುದು ಮ್ಯಾಕ್. ವಿಳಾಸ ಅಲ್ಲಿಗೇ ಕೆಟ್ಟಿತು. ಆಮೇಲೆ ರಿಸಾಲ್ವ್‌ಗೆ ಉಳಿದದ್ದು ಹೆಸರು ಮತ್ತು ಟೈಮ್‌ಕೋಡ್ ಎರಡೇ. ಒಂದೇ ಊರಿನಲ್ಲಿ ಮೂವರು ಮಂಜುನಾಥರಿದ್ದು, ಬೀದಿಯ ಹೆಸರು ಅಳಿಸಿಹೋದ ಕಾಗದ ಯಾರ ಮನೆಗೆ ತಲುಪುತ್ತದೋ ಯಾರು ಬಲ್ಲರು? 4:20ರ ಮೂರು ಸೆಕೆಂಡು ಮೊದಲ ದಿನದ C0007ರಲ್ಲೂ ಇದೆ. ಹೆಸರೂ ಸರಿ, ಸಮಯವೂ ಸರಿ, ಶಾಟ್ ಮಾತ್ರ ಬೇರೆ.

ಇದಕ್ಕೆ ಮದ್ದು ಎಕ್ಸ್‌ಪೋರ್ಟ್ ಮಾಡುವ ದಿನ ಸಿಗುವುದಿಲ್ಲ, ಕಾರ್ಡ್ ಕಾಪಿ ಮಾಡುವ ದಿನವೇ ಸಿಗಬೇಕು. ಹೆಸರು ಮತ್ತು ಟೈಮ್‌ಕೋಡ್ ಸೇರಿದ ಜೋಡಿ ಇಡೀ ಸಿನಿಮಾದಲ್ಲಿ ಒಂದೇ ಒಂದಿರಬೇಕು, ಅಷ್ಟೇ. ಸೋನಿಯ ಹೊಸ ಮಾದರಿಗಳಲ್ಲಿ ಫೈಲ್ ಹೆಸರಿನ ಮುಂದೆ ತಾರೀಖು ಸೇರಿಸುವ ಸೆಟ್ಟಿಂಗ್ ಇದೆ. ಟೈಮ್‌ಕೋಡನ್ನು ಫ್ರೀ ರನ್‌ಗೆ ಹಾಕಿ ಗಡಿಯಾರದ ಸಮಯಕ್ಕೆ ಹೊಂದಿಸಿಟ್ಟರೆ ಇನ್ನೂ ಒಳ್ಳೆಯದು. ಅದಾವುದೂ ಇಲ್ಲದ ಕ್ಯಾಮೆರಾ, ಡ್ರೋನ್ ಆಗಿದ್ದರೆ ಹಾರ್ಡ್ ಡಿಸ್ಕಿಗೆ ಹಾಕಿದ ಕೂಡಲೇ D03_B_C0007.MP4 ಎಂಬಂತೆ ಹೆಸರು ಬದಲಿಸಿ, ಆಮೇಲಷ್ಟೇ ಬ್ಯಾಕಪ್ ತೆಗೆದು ಎಡಿಟಿಗೆ ಕೊಡಬೇಕು. ಒಂದು ಶಾಟ್ ಟೈಮ್‌ಲೈನಿಗೆ ಬಿದ್ದ ಮೇಲೆ ಹೆಸರು ಮುಟ್ಟಬಾರದು. ಅಲೆಕ್ಸಾ, ರೆಡ್ ಫೈಲುಗಳ ಹೆಸರನ್ನಂತೂ ಯಾವಾಗಲೂ ಮುಟ್ಟಬಾರದು. ಮೊಬೈಲಿನಲ್ಲಿ ತೆಗೆದ ಶಾಟುಗಳದ್ದು ಬೇರೆಯೇ ರಗಳೆ. ಅವುಗಳ ಫ್ರೇಮ್ ವೇಗ ಓಡುತ್ತಾ ಓಡುತ್ತಾ ಬದಲಾಗುವುದರಿಂದ ಮೊದಲೇ ಸ್ಥಿರ ವೇಗಕ್ಕೆ ಪರಿವರ್ತಿಸಿ, ಆ ಹೊಸ ಫೈಲನ್ನೇ ಮೂಲವೆಂದು ಎಲ್ಲರೂ ಒಪ್ಪಿಕೊಳ್ಳಬೇಕು.

ಪ್ರಾಕ್ಸಿ ವಿಷಯದಲ್ಲೂ ಇದೇ ಮಾತು. ಪ್ರೀಮಿಯರಿನೊಳಗೆ ಮೂಲ ಕ್ಲಿಪ್ಪಿಗೆ ಅಂಟಿಸಿದ ಪ್ರಾಕ್ಸಿಯಾದರೆ ಎಕ್ಸ್‌ಎಂಎಲ್ ಮೂಲ ಫೈಲನ್ನೇ ತೋರಿಸುತ್ತದೆ. ಹೊರಗೆ ಮಾಡಿಕೊಂಡ ಚಿಕ್ಕ ಫೈಲುಗಳಿಂದ ನೇರವಾಗಿ ಎಡಿಟ್ ಮಾಡಿದ್ದರೆ ಅವುಗಳಿಗೂ ಮೂಲದ ಹೆಸರು, ಮೂಲದ ಟೈಮ್‌ಕೋಡ್ ಇರಬೇಕು. ಗಾತ್ರದ ಗೊಂದಲ ಆಗಲೂ ತಪ್ಪದು. 1080ರ ಫೈಲನ್ನು 120 ಪರ್ಸೆಂಟ್ ಹಿಗ್ಗಿಸಿದ್ದು, 4ಕೆ ಫೈಲ್ ಬಂದು ಕೂತಾಗ ಬೇರೆಯೇ ಫ್ರೇಮ್ ಆಗಿ ಕಾಣಬಹುದು.

ಕಳಿಸುವ ದಿನದ ಕೆಲಸ ಮುಖ್ಯವಾಗಿ ಟೈಮ್‌ಲೈನ್ ತೊಳೆಯುವುದು. ಲಾಕ್ ಆದ ಸೀಕ್ವೆನ್ಸನ್ನು ನಕಲು ಮಾಡಿಕೊಂಡು ಆ ನಕಲಿನಲ್ಲಿ ಮಲ್ಟಿಕ್ಯಾಮ್ ಕ್ಲಿಪ್ಪುಗಳನ್ನು ಫ್ಲ್ಯಾಟನ್ ಮಾಡಿ, ನೆಸ್ಟ್ ಆದವನ್ನು ಬಿಚ್ಚಿ, ಆಫ್ ಮಾಡಿಟ್ಟ ಶಾಟುಗಳನ್ನು ಅಳಿಸಿ, ಉಳಿದ ಶಾಟುಗಳನ್ನು ಸಾಧ್ಯವಾದಷ್ಟೂ ಮೊದಲ ಟ್ರ್ಯಾಕಿಗೆ ಇಳಿಸಬೇಕು. ಟೈಟಲ್ ಕಾರ್ಡುಗಳು ಬೇರೆ ಹೋಗಲಿ. ನಿಧಾನವಾಗಿ ಶುರುವಾಗಿ ವೇಗ ಪಡೆಯುವ ಸ್ಪೀಡ್ ರ‍್ಯಾಂಪ್, ವಾರ್ಪ್ ಸ್ಟೆಬಿಲೈಸರ್, ಹೊರಗಿನ ಪ್ಲಗಿನ್ನುಗಳನ್ನು ಎಕ್ಸ್‌ಎಂಎಲ್ ಮೇಲೆ ನಂಬಿಕೆಯಿಟ್ಟು ಕಳಿಸಲಾಗದು. ಅಂಥ ಕಡೆಗಳ ಟೈಮ್‌ಕೋಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಕಲರಿಸ್ಟ್ ತಮ್ಮಲ್ಲೇ ಮತ್ತೆ ಕಟ್ಟುತ್ತಾರೆ.

ಇವುಗಳ ಜೊತೆಗೆ ಹೋಗಲೇಬೇಕಾದದ್ದು ರೆಫರೆನ್ಸ್ ವಿಡಿಯೊ. ಪೂರ್ತಿ ಸಿನಿಮಾ, ಅದೇ ಫ್ರೇಮ್ ವೇಗ, 01:00:00:00ಕ್ಕೆ ಶುರುವಾಗುವ ಟೈಮ್‌ಕೋಡ್ ಚಿತ್ರದ ಮೇಲೇ ಅಚ್ಚಾಗಿರಬೇಕು. ತಪ್ಪು C0007 ಸಿಕ್ಕಿಬೀಳುವುದು ಇದರಿಂದಲೇ. ರಿಸಾಲ್ವ್‌ನಲ್ಲಿ ಅದನ್ನು ಆಫ್‌ಲೈನ್ ರೆಫರೆನ್ಸ್ ಆಗಿ ಟೈಮ್‌ಲೈನಿಗೆ ಕಟ್ಟಿ, ಎರಡನ್ನೂ ಒಂದರ ಮೇಲೊಂದಿಟ್ಟು ವ್ಯತ್ಯಾಸ ತೋರಿಸುವ ನೋಟಕ್ಕೆ ಹಾಕಿದರೆ ಹೊಂದುವ ಶಾಟುಗಳು ಕಪ್ಪಿನ ಹತ್ತಿರಕ್ಕೆ ಬರುತ್ತವೆ. ಎಡಿಟಿನಲ್ಲಿ ಲಟ್ ಹಾಕಿದ್ದರೆ ಪೂರ್ತಿ ಕಪ್ಪಾಗದು, ಆದರೂ ಆಕಾರಗಳು ಒಂದರೊಳಗೊಂದು ಕೂರುತ್ತವೆ. ತಪ್ಪು ಶಾಟ್ ಬಂದ ಕಡೆ ಎರಡು ಚಿತ್ರ ಒಂದರ ಮೇಲೊಂದು ಕಾಣುತ್ತವೆ. ಒಂದೆರಡು ಫ್ರೇಮ್ ಸರಿದಿದ್ದರೆ ಅಲುಗಾಡುವ ವಸ್ತುಗಳ ಅಂಚಿನಲ್ಲಿ ಗೆರೆ ಹೊಳೆಯುತ್ತದೆ.

ಈ ಪರೀಕ್ಷೆಯನ್ನು ಎಡಿಟರ್ ತಾವೇ ಮೊದಲು ಮಾಡಬಹುದು, ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಕಳಿಸುವ ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ. ಹೊಸ ಪ್ರಾಜೆಕ್ಟ್ ತೆರೆದು, ಏನನ್ನೂ ತರುವ ಮೊದಲು ಫ್ರೇಮ್ ವೇಗವನ್ನು 24ಕ್ಕೆ ಹೊಂದಿಸಿ, ಯಾಕೆಂದರೆ ಫೈಲುಗಳು ಒಳಗೆ ಬಂದ ಮೇಲೆ ಅದು ಬದಲಾಗುವುದಿಲ್ಲ. ಮೂಲ ಫೈಲುಗಳನ್ನು ಮೀಡಿಯಾ ಪೂಲಿಗೆ ಹಾಕಿಕೊಂಡು, ಎಕ್ಸ್‌ಎಂಎಲ್ ತರುವಾಗ Automatically import source clips into media pool ಎಂಬ ಸಾಲಿನ ಟಿಕ್ ತೆಗೆಯಿರಿ. ಆಗ ಅದು ಹಳೆಯ ವಿಳಾಸದ ಹಿಂದೆ ಹೋಗದೆ ಪೂಲಿನಲ್ಲಿ ಇರುವುದಕ್ಕೇ ಹೊಂದಿಸುತ್ತದೆ. ಕಲರಿಸ್ಟ್ ಮುಂದೆ ಏನು ಕಾಣಲಿದೆಯೋ ಅದು ನಿಮಗೂ ಕಾಣುತ್ತದೆ.

ಸೌಂಡ್ ಮಿಕ್ಸರ್‌ಗೆ ಈ ಎಕ್ಸ್‌ಎಂಎಲ್ ಕಳಿಸಿ ಪ್ರಯೋಜನವಿಲ್ಲ. ಪ್ರೊ ಟೂಲ್ಸ್ ಅದನ್ನು ತೆರೆಯುವುದಿಲ್ಲ, ಅಲ್ಲಿಗೆ ಹೋಗಬೇಕಾದ್ದು ಎಎಎಫ್. ಮಿಕ್ಸಿಂಗ್ ರಿಸಾಲ್ವ್‌ನ ಫೇರ್‌ಲೈಟ್‌ನಲ್ಲೇ ಆಗುವುದಾದರೆ ಮಾತ್ರ ಎಕ್ಸ್‌ಎಂಎಲ್ ನಡೆಯುತ್ತದೆ. ಎಎಎಫ್ ತೆಗೆಯುವಾಗ ಪ್ರತಿ ಕಟ್ಟಿನ ಎರಡೂ ತುದಿಗೆ ಹ್ಯಾಂಡಲ್ ಬಿಡಿ. 24 ಫ್ರೇಮಿನ ಲೆಕ್ಕದಲ್ಲಿ 120 ಫ್ರೇಮ್ ಎಂದರೆ ಐದು ಸೆಕೆಂಡು. ಮಾತಿನ ಹಿಂದಿನ ಕೋಣೆಯ ಸದ್ದನ್ನು ಎಳೆದು ಕಟ್ ಮುಚ್ಚಲು ಅವರಿಗೆ ಅಷ್ಟು ಜಾಗ ಬೇಕು.

ಹಳೆಯ ಇಡಿಎಲ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಸಿಂಕ್ ಸೌಂಡ್ ರೆಕಾರ್ಡರಿನ ಒಂದು ಫೈಲಿನಲ್ಲಿ ಬೂಮ್, ಒಬ್ಬೊಬ್ಬ ನಟರ ಲೇಪಲ್, ಎಲ್ಲ ಸೇರಿದ ಮಿಕ್ಸ್ ಹೀಗೆ ಹಲವು ಟ್ರ್ಯಾಕ್ ಇರುತ್ತವೆ. ಎಡಿಟರ್ ಬಳಸಿದ್ದು ಮಿಕ್ಸ್ ಒಂದನ್ನೇ. ಮಿಕ್ಸರ್‌ಗೆ ನಾಯಕಿಯ ಲೇಪಲ್ ಬೇಕೆನಿಸಿದರೆ, ಆಡಿಯೊ ಇಡಿಎಲ್ ಮತ್ತು ಮೂಲ ವೇವ್ ಫೈಲುಗಳು ಕೈಯಲ್ಲಿದ್ದರೆ ಕನ್‌ಫಾರ್ಮ್ ಮಾಡುವ ಸಾಫ್ಟ್‌ವೇರ್ ಟೈಮ್‌ಕೋಡ್ ಹಿಡಿದು ಹುಡುಕಿಕೊಡುತ್ತದೆ. ಆದರೆ ಟೈಮ್‌ಲೈನಿನಲ್ಲಿ ಇದ್ದದ್ದು ರೆಕಾರ್ಡರಿನ ಫೈಲೇ ಆಗಿರಬೇಕು. ಕ್ಯಾಮೆರಾದ ಆಡಿಯೊ ಇಟ್ಟು ಎಡಿಟ್ ಮಾಡಿದ್ದರೆ ಇಡಿಎಲ್ ಕ್ಯಾಮೆರಾದ ಕಡೆಗೆ ಬೆರಳು ತೋರಿಸುತ್ತದೆ. ಪ್ರೀಮಿಯರಿನ ಮರ್ಜ್ ಕ್ಲಿಪ್ಸ್ ಬಳಸಿ ಸಿಂಕ್ ಮಾಡಿದಾಗಲೂ ವೇವ್ ಫೈಲಿನ ಮೂಲ ಗುರುತು ಕಳೆದುಹೋಗುವುದುಂಟು. ಮಲ್ಟಿಕ್ಯಾಮ್ ಆಗಿ ಸಿಂಕ್ ಮಾಡಿ, ಕಳಿಸುವ ಮೊದಲು ಫ್ಲ್ಯಾಟನ್ ಮಾಡುವುದು ವಾಸಿ.

ಕೊನೆಗೆ ಬಣ್ಣ ಬೇರೆ ಕೋಣೆಯಿಂದ, ಸದ್ದು ಬೇರೆ ಕೋಣೆಯಿಂದ ಬಂದು ಸೇರಬೇಕಲ್ಲ. ಅದಕ್ಕೆಂದು ಸಿನಿಮಾ ಶುರುವಾಗುವ ಎರಡು ಸೆಕೆಂಡು ಮೊದಲು, 00:59:58:00ಕ್ಕೆ, ಒಂದು ಫ್ರೇಮಿನಷ್ಟು ಬೀಪ್ ಇಡುತ್ತಾರೆ, ಮುಗಿದ ಎರಡು ಸೆಕೆಂಡಿನ ನಂತರ ಇನ್ನೊಂದು. ಮೊದಲ ಬೀಪ್ ಹೊಂದಿ ಕೊನೆಯದು ಸುಮಾರು 1.3 ಸೆಕೆಂಡು ಆಚೀಚೆ ಆದರೆ, ಯಾರೋ ಒಬ್ಬರು 24ರ ಬದಲು 23.976ರಲ್ಲಿ ಕೆಲಸ ಮಾಡಿದ್ದಾರೆಂದು ಲೆಕ್ಕ. ಸಾವಿರಕ್ಕೆ ಒಂದರ ವ್ಯತ್ಯಾಸ ಇಪ್ಪತ್ತೆರಡು ನಿಮಿಷಕ್ಕೆ ಅಷ್ಟಾಗುತ್ತದೆ. ಆಗ ತುಟಿಗೆ ಮಾತು ಹೊಂದಿಸುತ್ತಾ ಒಂದೊಂದೇ ಕಟ್ ಸರಿಸಲು ಕೂರಬೇಡಿ. ಪ್ರಾಜೆಕ್ಟಿನ ವೇಗ ತಪ್ಪಿರುವುದು ಯಾವ ಕೋಣೆಯಲ್ಲಿ ಎಂದು ಮೊದಲು ಫೋನ್ ಮಾಡಿ ಕೇಳಿ.