ಲೇತ್ ಒಂದು ತಾಸು ತಿರುಗಿದರೆ ಎಷ್ಟು ಖರ್ಚು?

ಪೀಣ್ಯದ ಯಾವುದೇ ಗಲ್ಲಿಯ ಸಣ್ಣ ವರ್ಕ್‌ಶಾಪಿಗೆ ಹೋಗಿ ಲೇತ್‌ಗೆ ತಾಸಿಗೆ ಎಷ್ಟು ಎಂದು ಕೇಳಿ, ಉತ್ತರ ತಕ್ಷಣ ಬರುತ್ತದೆ. ಆ ದರ ಹೇಗೆ ಬಂತು ಎಂದರೆ ಮಾತ್ರ ಹೆಚ್ಚಿನವರು ಪಕ್ಕದ ಶೆಡ್ಡಿನತ್ತ ಕೈ ತೋರಿಸುತ್ತಾರೆ. ನಮ್ಮ ಯಂತ್ರದ ಖರ್ಚು ಪಕ್ಕದವರಿಗೆ ಗೊತ್ತಿರುವುದಿಲ್ಲವಲ್ಲ! ಹಾಗಾಗಿ ಒಂದು ಸಾಧಾರಣ ಲೇತ್ ಇಟ್ಟುಕೊಂಡು ನಾವೇ ಲೆಕ್ಕ ಹಾಕೋಣ. ಬೆಲೆಗಳೆಲ್ಲ ಉದಾಹರಣೆಗೆ ಹಿಡಿದವು. ನಿಮ್ಮ ಬಿಲ್ಲು ನೋಡಿ ಬದಲಿಸಿಕೊಳ್ಳಿ.

ಮೊದಲು ಬೇಕಾದದ್ದು ರೂಪಾಯಿಯಲ್ಲ, ತಾಸು. ವರ್ಷಕ್ಕೆ 300 ದಿನ, ದಿನಕ್ಕೆ 8 ತಾಸು ಎಂದರೆ ಕಾಗದದ ಮೇಲೆ 2,400 ತಾಸು. ಆದರೆ ಕರೆಂಟು ಹೋಗುತ್ತದೆ, ಬೆಲ್ಟ್ ಹರಿಯುತ್ತದೆ, ಟರ್ನರ್ ರಜೆ ಹಾಕುತ್ತಾನೆ, ಆರ್ಡರ್ ಇಲ್ಲದ ದಿನಗಳೂ ಇರುತ್ತವೆ. ಗಿರಾಕಿಗೆ ಬಿಲ್ ಮಾಡಬಹುದಾದ ಕೆಲಸ 1,800 ತಾಸು ಎಂದು ಹಿಡಿಯೋಣ. ಇಡೀ ಲೆಕ್ಕ ನಿಲ್ಲುವುದೂ ಬೀಳುವುದೂ ಈ ಅಂಕಿಯ ಮೇಲೆ.

ಈಗ ಸವಕಳಿ. ಸಾಗಣೆ, ಫೌಂಡೇಶನ್ ಸೇರಿ ಯಂತ್ರಕ್ಕೆ 6 ಲಕ್ಷ ಬಿದ್ದಿದೆ. ಹತ್ತು ವರ್ಷದ ನಂತರ ಮಾರಿದರೆ 60 ಸಾವಿರ ಬರಬಹುದು. ನಡುವೆ ಸವೆಯುವ 5,40,000ವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 54,000, ತಾಸಿಗೆ 30 ರೂಪಾಯಿ. ಸಾಲ ತೀರಿತು, ಇನ್ನು ಯಂತ್ರ ಪುಕ್ಕಟೆ ಎಂದು ಇದನ್ನು ಬಿಟ್ಟವರು ಹೊಸ ಲೇತ್ ಕೊಳ್ಳುವ ದಿನ ಮತ್ತೆ ಬ್ಯಾಂಕಿನ ಬಾಗಿಲಿಗೇ ಹೋಗುತ್ತಾರೆ.

ಮೋಟಾರಿನ ಫಲಕದ ಮೇಲೆ 5 ಎಚ್‌ಪಿ ಎಂದಿದ್ದರೆ ಅದು ಸುಮಾರು 3.7 ಕಿಲೋವ್ಯಾಟ್. ಆದರೆ ಜಾಬ್ ಕಟ್ಟುವಾಗ, ಅಳೆಯುವಾಗ ಮೋಟಾರು ಸುಮ್ಮನಿರುತ್ತದೆ, ಕೊರೆಯುವಾಗಲೂ ಪೂರ್ತಿ ಶಕ್ತಿ ಬೇಕಾಗುವುದು ಕಡಿಮೆ. ಸರಾಸರಿ 2 ಯೂನಿಟ್, ಯೂನಿಟ್ಟಿಗೆ 8 ರೂಪಾಯಿಯಂತೆ 16. ಸಬ್‌ಮೀಟರ್ ಹಾಕಿ ಒಂದು ವಾರ ನೋಡಿದರೆ ಊಹೆಯೇ ಬೇಡ. ಬಿಲ್ಲಿನ ಫಿಕ್ಸೆಡ್ ಚಾರ್ಜ್ ಇಲ್ಲಿ ಸೇರುವುದಿಲ್ಲ, ಅದು ಬಾಡಿಗೆಯ ಜಾತಿ. ಆಯಿಲ್, ಕೂಲೆಂಟ್, ಬೇರಿಂಗ್, ಬೆಲ್ಟ್ ಎಂದು ರಿಪೇರಿಗೆ ವರ್ಷಕ್ಕೆ 27,000 ಆದರೆ ತಾಸಿಗೆ 15.

ಜನ ಹಗುರವಾಗಿ ನೋಡುವುದು ಟೂಲಿನ ಖರ್ಚನ್ನು. ನಾಲ್ಕು ಮೂಲೆ ಬಳಸಬಹುದಾದ ಕಾರ್ಬೈಡ್ ಇನ್ಸರ್ಟಿಗೆ 300 ರೂಪಾಯಿ ಎಂದರೆ ಮೂಲೆಗೆ 75. ಒಂದು ಮೂಲೆ 50 ನಿಮಿಷ ಲೋಹ ಕೊರೆಯುತ್ತದೆ. ಒಂದು ತಾಸಿನಲ್ಲಿ ನಿಜವಾಗಿ ಕೊರೆಯುವುದು 30 ನಿಮಿಷ. ಆ ಲೆಕ್ಕಕ್ಕೆ ತಾಸಿಗೆ 45, ಸವಕಳಿಗಿಂತಲೂ ಹೆಚ್ಚು! ಇದು ಸಾಮಾನ್ಯ ಉಕ್ಕಿನ ಮಾತು. ಸ್ಟೇನ್‌ಲೆಸ್ ಬಂದರೆ ಮೂಲೆ ಬೇಗ ಹೋಗುತ್ತದೆ, ಅಂಥ ಕೆಲಸಕ್ಕೆ ಟೂಲನ್ನು ಆ ಜಾಬಿನ ಮೇಲೇ ಬೇರೆಯಾಗಿ ಹಾಕುವುದು ಸರಿ.

ಬಾಡಿಗೆ, ವಿಮೆ, ಫಿಕ್ಸೆಡ್ ಚಾರ್ಜ್‌ಗಳಲ್ಲಿ ಈ ಯಂತ್ರದ ಪಾಲು ತಿಂಗಳಿಗೆ 8,100 ಎಂದರೆ ತಾಸಿಗೆ 54. ಎಲ್ಲ ಕೂಡಿದರೆ ಯಂತ್ರದ ತಾಸಿನ ದರ 160. ಪಿಎಫ್, ಇಎಸ್‌ಐ ಸೇರಿ ಟರ್ನರ್‌ಗೆ ತಿಂಗಳಿಗೆ 22,500. ಅದೇ 1,800 ತಾಸಿಗೆ ಹಂಚಿದರೆ 150. ಒಟ್ಟು 310.

ಕೆಲಸ ಬಂತು: ಇಎನ್8 ಉಕ್ಕಿನ 20 ಶಾಫ್ಟ್, 40 ಮಿಲಿಮೀಟರ್ ವ್ಯಾಸ, 200 ಉದ್ದ. 45ರ ಬಾರ್ ಬೇಕು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ: 12.5. ಫೇಸಿಂಗಿಗೆ ಬಿಟ್ಟು 208 ಮಿಲಿಮೀಟರ್ ತುಂಡು ಮಾಡಿದರೆ 2.6 ಕಿಲೋ, ಕಿಲೋಗೆ 75ರಂತೆ 195. ಚಿಪ್ಸ್ ಮಾರಿ 15 ಬಂದರೆ ಮಾಲಿನ ಖರ್ಚು 180.

ಸೆಟ್ಟಿಂಗ್‌ಗೆ ಒಂದು ತಾಸು, ತುಂಡಿಗೆ 15 ನಿಮಿಷದಂತೆ 20ಕ್ಕೆ ಐದು ತಾಸು. ಆರು ತಾಸಿಗೆ 1,860, ಅಂದರೆ ತುಂಡಿಗೆ 93. ಮಾಲು ಸೇರಿ ಅಸಲು 273. ಲಾಭ, ಜಿಎಸ್‌ಟಿ ಇದರ ಮೇಲೆ. ಗಿರಾಕಿ ಸ್ಯಾಂಪಲ್ಲಿಗೆ ಒಂದೇ ಶಾಫ್ಟ್ ಕೇಳಿದರೆ ಸೆಟ್ಟಿಂಗಿನ ತಾಸು ಪೂರ್ತಿ ಅದರ ತಲೆಗೇ ಬಂದು ಅಸಲು 567 ದಾಟುತ್ತದೆ. ಎರಡಕ್ಕೂ ಒಂದೇ ರೇಟು ಹೇಳುವವರು ಸ್ಯಾಂಪಲ್‌ಗಳಲ್ಲೇ ಕೈ ಸುಟ್ಟುಕೊಳ್ಳುತ್ತಾರೆ.

ಇನ್ನು ಆ 2,400 ತಾಸಿನ ಮಾತು. ಅದನ್ನೇ ನಂಬಿ ಭಾಗಿಸಿದ್ದರೆ ದರ 310ರ ಬದಲು 251.50 ಬರುತ್ತಿತ್ತು. ನಡೆದದ್ದು 1,800 ತಾಸೇ ಆದ್ದರಿಂದ ವರ್ಷದ ಕೊನೆಗೆ 1,05,300 ರೂಪಾಯಿ ಕೊರತೆ. ವರ್ಷವಿಡೀ ಯಂತ್ರ ಬಿಡುವಿಲ್ಲದೆ ಓಡಿಯೂ ಕೈಯಲ್ಲಿ ದುಡ್ಡು ಉಳಿಯದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇಲ್ಲಿ.

ಗಿರಾಕಿ 260ಕ್ಕೆ ಕೊಡಿ ಎಂದರೆ? ಮಾಲು, ಕರೆಂಟು, ಟೂಲು ಮಾತ್ರ ಸೇರಿ ತುಂಡಿಗೆ ಸುಮಾರು 198. ಉಳಿದ 62 ಬಾಡಿಗೆ, ಸಂಬಳಕ್ಕೆ ಆಸರೆಯಾಗುತ್ತದೆ. ಲೇತ್ ಖಾಲಿ ನಿಂತ ತಿಂಗಳಲ್ಲಿ ಒಪ್ಪಿಕೊಳ್ಳಿ. ಅದೇ ರೇಟಿಗೆ ವರ್ಷದ ಕರಾರು ಮಾತ್ರ ಬೇಡ.