ಲೈವ್‌ಗೆ ‘ನಾಳೆ ಬಾ’ ಎಂದರೆ ಬರುವವರು ಯಾರು?

ಹುಬ್ಬಳ್ಳಿಯಲ್ಲಿರುವ ನಮ್ಮ ಅಕ್ಕ ಇಳಕಲ್ ಸೀರೆ ಮಾರುತ್ತಾಳೆ. ಅಂಗಡಿ ಅಂತ ಏನೂ ಇಲ್ಲ. ಮನೆಯ ಒಂದು ಕೋಣೆ, ಒಂದು ಮರದ ಕಪಾಟು, ಒಂದು ಇನ್‌ಸ್ಟಾಗ್ರಾಂ ಖಾತೆ, ಅಷ್ಟೇ. ಆಕೆ ಮೊದಲ ಸಲ ಲೈವ್ ಬಂದು ಸೀರೆ ತೋರಿಸುವ ಮುನ್ನ ಒಂದು ಫೋಟೋ ಹಾಕಿ ಕೆಳಗೆ ಹೀಗೆ ಬರೆದಿದ್ದಳು: ‘ನಮಸ್ಕಾರ ಸ್ನೇಹಿತರೇ, ನಿಮ್ಮೆಲ್ಲರ ಪ್ರೀತಿಗೆ ಧನ್ಯವಾದ. ನಾಳೆ ಸಂಜೆ ಲೈವ್ ಬರುತ್ತಿದ್ದೇನೆ. ಹೊಸ ಸೀರೆ ತೋರಿಸುತ್ತೇನೆ. ಎಲ್ಲರೂ ತಪ್ಪದೇ ಬನ್ನಿ.’ ಜೊತೆಗೆ ಒಂದಷ್ಟು ಹೂವು, ಕೈಮುಗಿದ ಚಿತ್ರ. ಮುನ್ನೂರು ಚಿಲ್ಲರೆ ಲೈಕ್ ಬಿದ್ದವು. ಲೈವ್‌ಗೆ ಬಂದವರು ಏಳು ಜನ. ಅದರಲ್ಲಿ ಇಬ್ಬರು ನಮ್ಮ ಚಿಕ್ಕಮ್ಮಂದಿರು, ಒಬ್ಬ ನಾನು.

“ಅಲ್ಲೋ ತಮ್ಮಾ, ಲೈಕ್ ಒತ್ತಾಕ ಮುನ್ನೂರು ಮಂದಿ, ಬಂದು ನೋಡಾಕ ಏಳೇ ಮಂದಿ?” ಅಂದಳು.

ಅವಳ ಸೀರೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಆ ನಾಲ್ಕು ಸಾಲಿನಲ್ಲಿ. ಮೊದಲ ತಪ್ಪು ‘ನಾಳೆ’.

ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ಹಾಕಿದ ಹೊತ್ತಿನ ಕ್ರಮದಲ್ಲಿ ತೋರಿಸುವುದಿಲ್ಲ. ಯಾರಿಗೆ ಯಾವುದು ಹಿಡಿಸೀತು ಎಂದು ತನ್ನದೇ ಲೆಕ್ಕ ಹಾಕಿ ಮೇಲೆ ಕೆಳಗೆ ಮಾಡುತ್ತದೆ. ಅಕ್ಕ ಶುಕ್ರವಾರ ಹಾಕಿದ ಪೋಸ್ಟು ಬೆಳಗಾವಿಯ ಒಬ್ಬಾಕೆಯ ಫೋನಿನಲ್ಲಿ ಕಾಣಿಸಿದ್ದು ಭಾನುವಾರ. ಅಲ್ಲಿ ಇನ್ನೂ ‘ನಾಳೆ ಸಂಜೆ’ ಎಂದೇ ಇತ್ತು. ಆಕೆ ಪಾಪ, ಸೋಮವಾರ ಸಂಜೆ ಕಾದು ಕೂತು, ರಾತ್ರಿ ‘ಲೈವ್ ಯಾಕೆ ಬರಲಿಲ್ಲ’ ಎಂದು ಮೆಸೇಜ್ ಹಾಕಿದ್ದಳು. ಹಿಂದೆ ದೆವ್ವ ಬರದಿರಲಿ ಎಂದು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದೇ ಉಪಾಯ ಇದು. ಯಾವ ದಿನ ಓದಿದರೂ ನಾಳೆ ನಾಳೆಯೇ. ದೆವ್ವಕ್ಕೆ ಸರಿ, ಗಿರಾಕಿಗೆ ಬೇಡ.

ಆದ್ದರಿಂದ ತಾರೀಕು ಬೇಕು, ವಾರವೂ ಬೇಕು. ಎರಡೂ ಇದ್ದರೆ ಒಂದರಲ್ಲಿ ಕೈತಪ್ಪಾದರೂ ಓದಿದವರಿಗೆ ಅನುಮಾನ ಬಂದು ಕೇಳುತ್ತಾರೆ. ನಾವು ಜುಲೈ 12, ಭಾನುವಾರ ಎಂದು ಗೊತ್ತು ಮಾಡಿಕೊಂಡೆವು. ಅಕ್ಕ ‘ರವಿವಾರ’ ಎಂದೇ ಬರೆಯಬೇಕು ಅಂದಳು. ಧಾರವಾಡ, ವಿಜಯಪುರದ ಕಡೆ ರವಿವಾರ, ಮೈಸೂರಿನವರಿಗೆ ಭಾನುವಾರ. ತಾರೀಕು ಜೊತೆಗಿರುವುದರಿಂದ ಯಾವುದು ಬರೆದರೂ ನಡೆಯುತ್ತದೆ. ಹೊತ್ತಿನದು ಮಾತ್ರ ಹಾಗಲ್ಲ. ‘ಸಂಜೆ’ ಎಂದರೆ ಒಬ್ಬರಿಗೆ ಐದು ಗಂಟೆ, ಇನ್ನೊಬ್ಬರಿಗೆ ದೀಪ ಹಚ್ಚಿದ ಮೇಲೆ. ಗಂಟೆ, ನಿಮಿಷ ಅಂಕಿಯಲ್ಲೇ ಇರಬೇಕು: ರಾತ್ರಿ 7:30.

ಅಕ್ಕನ ಗಿರಾಕಿಗಳಲ್ಲಿ ಕೆಲವರು ಹೊರದೇಶದಲ್ಲಿದ್ದಾರೆ, ಮದುವೆ ಮುಂಜಿ ಎಂದರೆ ಇಳಕಲ್ ಬೇಕೇ ಬೇಕು ಅನ್ನುವವರು. ಅವರಿಗೆ ‘ಭಾರತೀಯ ಕಾಲಮಾನ’ ಎಂದು ಬರೆದು ಲೆಕ್ಕದ ಹೊರೆ ಹೊರಿಸುವುದಕ್ಕಿಂತ ನಾವೇ ಲೆಕ್ಕ ಮಾಡಿ ಕೊಡುವುದು ವಾಸಿ. ಜುಲೈಯಲ್ಲಿ ನಮ್ಮ ರಾತ್ರಿ 7:30 ಎಂದರೆ ದುಬೈನಲ್ಲಿ ಸಂಜೆ 6, ಲಂಡನ್ನಿನಲ್ಲಿ ಮಧ್ಯಾಹ್ನ 3, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 10. ಇದನ್ನೇ ಡಿಸೆಂಬರಿನಲ್ಲಿ ನಕಲು ಮಾಡಿ ಅಂಟಿಸಿದರೆ ಕೆಟ್ಟಿತು. ಚಳಿಗಾಲಕ್ಕೆ ಇಂಗ್ಲೆಂಡ್, ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಗ ನಮ್ಮ ಅದೇ 7:30ಕ್ಕೆ ಲಂಡನ್ನಿನಲ್ಲಿ 2, ನ್ಯೂಜೆರ್ಸಿಯಲ್ಲಿ 9. ಇಬ್ಬರೂ ಒಂದೇ ವಾರ ತಿರುಗಿಸುವುದಿಲ್ಲ ಎಂಬುದು ಇನ್ನೊಂದು ತಲೆನೋವು. ದುಬೈನವರು ಮಾತ್ರ ನಮ್ಮಂತೆ, ವರ್ಷವಿಡೀ ಒಂದೇ ಗಡಿಯಾರ.

ಇನ್ನು ವಿಷಯ. ‘ಹೊಸ ಸೀರೆ ತೋರಿಸುತ್ತೇನೆ’ ಎಂಬುದು ಮಾರುವವಳ ವಿಷಯ, ನೋಡುವವರದ್ದಲ್ಲ. ಹೊಸ ಸೀರೆಯನ್ನು ಫೋಟೋದಲ್ಲೂ ನೋಡಬಹುದು. ಅದಕ್ಕೆ ರಾತ್ರಿ ಊಟದ ಹೊತ್ತಿಗೆ ಫೋನ್ ಹಿಡಿದು ಕೂರಬೇಕಿಲ್ಲ. “ನಿನಗೆ ದಿನಾ ಬರುವ ಮೆಸೇಜುಗಳಲ್ಲಿ ಜನ ಹೆಚ್ಚು ಕೇಳುವುದು ಏನು?” ಎಂದು ಕೇಳಿದೆ. ಅಕ್ಕ ಯೋಚಿಸಲೇ ಇಲ್ಲ. “ಇದು ಕೈಮಗ್ಗದ್ದೇ ಹೌದಾ, ಪವರ್‌ಲೂಮಿಂದಾ, ಇದೊಂದೇ ಕೇಳ್ತಾರ.”

ಲೈವ್‌ಗೆ ಹೇಳಿ ಮಾಡಿಸಿದ ವಿಷಯ ಇದು. ಕೈಮಗ್ಗದ ಇಳಕಲ್ಲಿನ ಗುಟ್ಟು ಇರುವುದು ಒಡಲು ಮುಗಿದು ಸೆರಗು ಶುರುವಾಗುವ ಜಾಗದಲ್ಲಿ. ಒಡಲಿನ ಹಾಸೇ ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ. ಒಂದರ ಎಳೆಗಳಿಗೆ ಇನ್ನೊಂದರ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೇ ಕೊಂಡಿ ಹಾಕಿದ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಬಣ್ಣ ದಟ್ಟವಾಗಿ ನಿಲ್ಲುತ್ತದೆ. ಕೊಂಡಿ ಇಲ್ಲದ ಸೀರೆಯಲ್ಲಿ ಒಡಲಿನ ಹಾಸೇ ಸೆರಗಿನೊಳಗೂ ಓಡುತ್ತದೆ. ಹೊಕ್ಕು ಮಾತ್ರ ಕೆಂಪಾಗಿರುವುದರಿಂದ ಒಡಲಿನ ಬಣ್ಣ ಒಳಗಿನಿಂದ ಇಣುಕುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಿಳಿಯದು. ಎರಡು ಸೀರೆ ಪಕ್ಕಪಕ್ಕ ಹಾಸಿ, ಕ್ಯಾಮೆರಾ ಸೇರುವ ಗೆರೆಯ ಮೇಲೆ ಬಗ್ಗಿಸಿ, ಬೆರಳಾಡಿಸಿ ತೋರಿಸಿದರೆ ಎರಡೇ ನಿಮಿಷ. ಹಾಗಾಗಿ ಆ ದಿನದ ವಿಷಯ ಒಂದು ಪ್ರಶ್ನೆಯಾಯಿತು: ನಿಮ್ಮ ಇಳಕಲ್ ಕೈಮಗ್ಗದ್ದೋ, ಪವರ್‌ಲೂಮಿನದೋ?

ಇದೆಲ್ಲ ಮೊದಲ ಸಾಲಿನಲ್ಲೇ ಇರಬೇಕು. ಕ್ಯಾಪ್ಷನ್ 2,200 ಅಕ್ಷರದವರೆಗೆ ಬರೆಯಲು ಬಿಡುತ್ತಾರೆ, ನಿಜ. ಆದರೆ ಕಣ್ಣಿಗೆ ಬೀಳುವುದು ಮೊದಲ ಒಂದೆರಡು ಸಾಲು. ಉಳಿದದ್ದು more ಎಂಬುದರ ಹಿಂದೆ ಅಡಗಿರುತ್ತದೆ. ಅದನ್ನು ಒತ್ತಿ ಓದುವವರು ಕಡಿಮೆ. ಅಕ್ಕನ ಹಳೆಯ ಕ್ಯಾಪ್ಷನ್ನಿನಲ್ಲಿ ಆ ಜಾಗವನ್ನು ನಮಸ್ಕಾರ, ಪ್ರೀತಿ, ಧನ್ಯವಾದ ತಿಂದುಹಾಕಿದ್ದವು. ಕನ್ನಡದವರಿಗೆ ಇನ್ನೊಂದು ತೊಡಕಿದೆ. ‘ಪ್ರಶ್ನೆ’ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರು ಒತ್ತು, ಗುಣಿತ ಎಲ್ಲ ಬಿಡಿಸಿ ಏಳು ಎಂದು ಎಣಿಸುತ್ತದೆ. ನಮ್ಮ ಲೆಕ್ಕಕ್ಕಿಂತ ಬೇಗ ಜಾಗ ಮುಗಿಯುತ್ತದೆ.

ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡದ್ದು ಪ್ರಶ್ನೆ ಕೇಳುವ ವಿಚಾರದಲ್ಲಿ. ಲೈವ್ ನಡೆಯುವಾಗ ಕಾಮೆಂಟುಗಳು ಕೆಳಗಿನಿಂದ ಮೇಲಕ್ಕೆ ಹರಿದು ಮಾಯವಾಗುತ್ತವೆ. ‘ಹಾಯ್ ಅಕ್ಕ’, ‘ಸೂಪರ್’, ‘ಊಟ ಆಯ್ತಾ’ ಇವುಗಳ ನಡುವೆ ಒಂದು ನಿಜವಾದ ಪ್ರಶ್ನೆ ಬಂದು ಹೋದದ್ದೇ ತಿಳಿಯುವುದಿಲ್ಲ, ಅದರಲ್ಲೂ ಎರಡೂ ಕೈಯಲ್ಲಿ ಸೀರೆ ಹಿಡಿದು ನಿಂತಾಗ. ‘ಪ್ರಶ್ನೆಗಳಿದ್ದರೆ ಕೇಳಿ’ ಎಂದು ಬರೆದರೆ ಸಾಲದು. ಎಲ್ಲಿ, ಹೇಗೆ, ಯಾವಾಗ ಎಂದು ಹೇಳಬೇಕು. ನಾವು ಮಾಡಿಕೊಂಡ ಏರ್ಪಾಟು ಇಷ್ಟು: ಮೊದಲೇ ಕೇಳುವವರು ಪೋಸ್ಟಿನ ಕೆಳಗೆ ಬರೆಯಲಿ, ಅವಕ್ಕೆ ಮೊದಲ ಸರದಿ. ಲೈವ್‌ನಲ್ಲೇ ಕೇಳುವವರು ಮುಂದೆ ‘ಪ್ರಶ್ನೆ’ ಎಂದು ಸೇರಿಸಲಿ. ಅಕ್ಕನ ಮಗಳು ಇನ್ನೊಂದು ಫೋನಿನಲ್ಲಿ ಕೂತು ಆ ಪದ ಕಂಡದ್ದನ್ನೆಲ್ಲ ಕಾಗದಕ್ಕೆ ಇಳಿಸಿ ಓದಿ ಹೇಳುತ್ತಾಳೆ. ತಮ್ಮ ಮನೆಯ ಸೀರೆಯ ಬಗ್ಗೆಯೇ ಕೇಳುವವರು ಸೆರಗು ಸೇರುವ ಜಾಗದ ಫೋಟೋವನ್ನು ಶನಿವಾರದೊಳಗೆ ಮೆಸೇಜಿನಲ್ಲಿ ಕಳಿಸಲಿ, ಏಕೆಂದರೆ ಫೋಟೋ ಇಲ್ಲದೆ ಅದಕ್ಕೆ ಉತ್ತರವೇ ಇಲ್ಲ.

ಮತ್ತೆ, ಫೋನ್ ನಂಬರು. “ರೇಟ್ ಹೇಳಿ, ನನ್ನ ನಂಬರ್ ಇದು” ಎಂದು ಕಾಮೆಂಟಿನಲ್ಲಿ ಹಾಕುವ ಅಭ್ಯಾಸ ನಮ್ಮವರಿಗೆ ಬಹಳ. ಅದನ್ನೇ ಕಾಯುತ್ತಿರುವವರಿದ್ದಾರೆ. ಅಂಗಡಿಯ ಫೋಟೋ ಕದ್ದು ಅದೇ ಹೆಸರಿನ ಖಾತೆ ಮಾಡಿಕೊಂಡು, ‘ಮುಂಗಡ ಕಳಿಸಿ’ ಎಂದು ನೇರ ಮೆಸೇಜ್ ಹಾಕುತ್ತಾರೆ. ಒಂದು ಸಾಲಿನ ಎಚ್ಚರಿಕೆ ಕ್ಯಾಪ್ಷನ್ನಿನಲ್ಲೇ ಇರಲಿ ಅಂದೆ. ಕೊನೆಗೆ ಬರೆದದ್ದು ಹೀಗಿತ್ತು:

‘ಜುಲೈ 12, ಭಾನುವಾರ ರಾತ್ರಿ 7:30ಕ್ಕೆ ಲೈವ್: ನಿಮ್ಮ ಇಳಕಲ್ ಕೈಮಗ್ಗದ್ದೋ, ಪವರ್‌ಲೂಮಿನದೋ?

ಎರಡು ಸೀರೆ ಪಕ್ಕಪಕ್ಕ ಇಟ್ಟು ಸೆರಗಿನ ಕೊಂಡಿ ತೋರಿಸುತ್ತೇನೆ. 20 ನಿಮಿಷ ಸೀರೆ, 10 ನಿಮಿಷ ನಿಮ್ಮ ಪ್ರಶ್ನೆ. (ದುಬೈ ಸಂಜೆ 6, ಲಂಡನ್ ಮಧ್ಯಾಹ್ನ 3, ನ್ಯೂಜೆರ್ಸಿ ಬೆಳಿಗ್ಗೆ 10.)

ಪ್ರಶ್ನೆಯನ್ನು ಈಗಲೇ ಇದರ ಕೆಳಗೆ ಬರೆಯಿರಿ. ಲೈವ್‌ನಲ್ಲಿ ಕೇಳುವವರು ಮೊದಲು “ಪ್ರಶ್ನೆ” ಎಂದು ಬರೆದು ಕೇಳಿ. ನಿಮ್ಮ ಸೀರೆಯ ಬಗ್ಗೆ ಆದರೆ ಸೆರಗು ಸೇರುವ ಜಾಗದ ಫೋಟೋ ಶನಿವಾರದೊಳಗೆ ಮೆಸೇಜ್ ಮಾಡಿ.

ಫೋನ್ ನಂಬರ್ ಕಾಮೆಂಟಿನಲ್ಲಿ ಹಾಕಬೇಡಿ. ಮುಂಗಡ ಕೇಳಿ ನಾವು ಮೆಸೇಜ್ ಮಾಡುವುದಿಲ್ಲ. ಬರಲಾಗದವರಿಗೆ ರೆಕಾರ್ಡಿಂಗ್ ಇಲ್ಲೇ ಸಿಗುತ್ತದೆ.’

ಇದರಲ್ಲಿ ಲಿಂಕ್ ಇಲ್ಲ, ಗಮನಿಸಿ. ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಸುಮ್ಮನೆ ಜಾಗ ದಂಡ. ಲೈವ್ ನೋಡುತ್ತಲೇ ಅಲ್ಲೇ ಕೊಳ್ಳುವ ಸೌಲಭ್ಯವನ್ನೂ ಅವರು 2023ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದಾರೆ. ಹಾಗಾಗಿ ಆರ್ಡರಿನ ಮಾತು ಲೈವ್ ಮುಗಿದ ಮೇಲೆ, ಬೇರೆಯಾಗಿ.

ಕ್ಯಾಪ್ಷನ್ ಬರೆಯುವ ಮುನ್ನ ನೋಡಿಕೊಳ್ಳಬೇಕಾದದ್ದು ಒಂದುಂಟು. 2025ರ ಆಗಸ್ಟ್‌ನಿಂದ ಇನ್‌ಸ್ಟಾಗ್ರಾಂನಲ್ಲಿ ಲೈವ್ ಬರಲು ಖಾತೆ ಎಲ್ಲರಿಗೂ ತೆರೆದಿರಬೇಕು, ಕನಿಷ್ಠ 1,000 ಫಾಲೋವರ್ಸ್ ಇರಬೇಕು. ಯೂಟ್ಯೂಬಿನಲ್ಲಿ ಫೋನಿನಿಂದ ಲೈವ್ ಮಾಡಲು 50 ಚಂದಾದಾರರು ಸಾಕು, ಆದರೆ ಮೊದಲ ಸಲ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದು. ಊರಿಗೆಲ್ಲ ಡಂಗುರ ಸಾರಿ, 7:30ಕ್ಕೆ ಗುಂಡಿ ಒತ್ತಿದಾಗ ಇದು ಗೊತ್ತಾದರೆ ಕಷ್ಟ. ಯೂಟ್ಯೂಬಿನಲ್ಲಿ ನಾವು ಮಾತಾಡಿದ್ದು ನೋಡುಗರನ್ನು ತಲುಪಲು ಕೆಲವೊಮ್ಮೆ ಅರ್ಧ ನಿಮಿಷವಾದರೂ ಬೇಕು. ‘ಪ್ರಶ್ನೆ ಇದೆಯಾ?’ ಎಂದು ಕೇಳಿ, ಯಾರೂ ಬರೆಯಲಿಲ್ಲ ಎಂದು ತಕ್ಷಣ ಮುಗಿಸಿಬಿಡಬಾರದು.

ಆ ಭಾನುವಾರ ಮಧ್ಯಾಹ್ನದಿಂದಲೇ ಮಳೆ. ಏಳು ಗಂಟೆಗೆ ಕರೆಂಟ್ ಹೋಯಿತು. ಅಕ್ಕ ‘ಲೈವ್ ಅರ್ಧ ಗಂಟೆ ತಡ’ ಎಂದು ಹೊಸ ಪೋಸ್ಟು ಹಾಕಲು ಹೊರಟಳು. ನಾನು ತಡೆದೆ. ಹೊಸದು ಯಾರಿಗೆ ಯಾವಾಗ ಕಾಣುತ್ತದೋ ಯಾರಿಗೆ ಗೊತ್ತು. ಜನ ನೋಡಿಟ್ಟುಕೊಂಡಿರುವುದು ಹಳೆಯದನ್ನು. ಅದನ್ನೇ ತಿದ್ದಿ, ಮೊದಲ ಸಾಲಿನಲ್ಲಿ 7:30 ತೆಗೆದು ‘ಕರೆಂಟ್ ಇಲ್ಲ, 8:00ಕ್ಕೆ’ ಎಂದು ಬರೆದೆವು. ಹೊರದೇಶದ ಹೊತ್ತುಗಳನ್ನೂ ಅರ್ಧ ಗಂಟೆ ಮುಂದಕ್ಕೆ ತಿದ್ದಿದೆವು.

ಎಂಟಕ್ಕೆ ಐದು ನಿಮಿಷವಿದ್ದಾಗ ಕರೆಂಟ್ ಬಂತು. ಲೈವ್‌ನಲ್ಲಿ ಸೀರೆಗಿಂತ ಪ್ರಶ್ನೆಗಳೇ ಹೆಚ್ಚು ಹೊತ್ತು ತಿಂದವು. ಫೋಟೋ ಕಳಿಸಿದ್ದವರಲ್ಲಿ ಬೆಳಗಾವಿಯ ಆ ಹೆಂಗಸೂ ಇದ್ದರು. ಅವರ ಸೀರೆಯಲ್ಲಿ ಕೊಂಡಿ ಇರಲಿಲ್ಲ.