ಮೆಲ್ಲಗೆ ಹಾಡಿದ್ದೇ ತಪ್ಪಾಯಿತು

1971ರಲ್ಲಿ ಅಮೆರಿಕದ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಬರೆದ ಲೇಖನವೊಂದರ ಶೀರ್ಷಿಕೆಯಲ್ಲೇ ಗಾಯಕ ಜೇಮ್ಸ್ ಟೇಲರ್‌ಗೆ ಸಾವು ನಿಗದಿಯಾಗಿತ್ತು. ಒಡೆದ ಬಾಟಲಿಯಿಂದ ಆತನನ್ನು ತಿವಿದು ಕೊಲ್ಲುವ ಕಲ್ಪನೆಯೂ ಅದರೊಳಗಿತ್ತು. ಟೇಲರ್ ಮಾಡಿದ್ದಿಷ್ಟೆ: ಗೆಳತಿಯ ಆತ್ಮಹತ್ಯೆ, ತನ್ನ ಮಾದಕ ವ್ಯಸನ, ಒಡೆದುಹೋದ ತಂಡ, ಇವನ್ನೆಲ್ಲ ಮೆಲುದನಿಯಲ್ಲಿ ಹಾಡಿದ್ದ. 1970ರ ಆ ಹಾಡು ‘ಫೈರ್ ಆ್ಯಂಡ್ ರೇನ್’. ಅದರಲ್ಲಿ ರಸ್ ಕುಂಕೆಲ್ ಡ್ರಮ್ಮನ್ನು ಕೋಲಿನಿಂದ ಬಡಿಯದೆ ಬ್ರಷ್‌ನಿಂದ ನುಡಿಸಿದ್ದಾನೆ. ಸದ್ದು ಎದೆಗೆ ಗುದ್ದುವುದಿಲ್ಲ, ಪಕ್ಕದಲ್ಲಿ ಬಂದು ಕೂರುತ್ತದೆ.

ವಿಮರ್ಶಕರಿಗೆ ಸಹಿಸಲಾಗದ್ದು ಇದೇ. ರಾಕ್ ಎಂದರೆ ಗದ್ದಲ, ಬೀದಿ, ಬಂಡಾಯ ಎಂದು ನಂಬಿದ್ದ ತಲೆಮಾರು ಅದು. ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿರುವಾಗ ಕೋಣೆಯ ಬಾಗಿಲು ಹಾಕಿಕೊಂಡು ತನ್ನ ನೋವನ್ನು ತಾನೇ ಸವರಿಕೊಳ್ಳುವುದೇ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳೇ ಇಲ್ಲ ಎನ್ನಲಾರೆ. ಮುಂದೆ ರೇಡಿಯೊಗಳು ಈ ಬಗೆಯನ್ನು ಯಾರ ಕಿವಿಗೂ ಚುಚ್ಚದ ಸರಕಾಗಿ ನುಣುಪು ಮಾಡಿದ್ದೂ ಹೌದು.

ಆದರೆ ‘ಇದು ಬರೀ ಸ್ವಂತದ ಗೋಳು’ ಎಂಬ ಮಾತು ಕ್ಯಾರೊಲ್ ಕಿಂಗ್ ಹತ್ತಿರ ಬಂದರೆ ಎಡವುತ್ತದೆ. 1971ರ ಆಕೆಯ ‘ಟ್ಯಾಪೆಸ್ಟ್ರಿ’ ಆಲ್ಬಂ ಅಮೆರಿಕದಲ್ಲಿ 15 ವಾರ ಮೊದಲ ಸ್ಥಾನದಲ್ಲಿತ್ತು. ಹೆಣ್ಣೊಬ್ಬಳು ಮನಸ್ಸು ಬಿಚ್ಚಿಟ್ಟಿದ್ದಾಳೆ ಎಂದೇ ಜನ ಕೇಳಿದರು. ಆದರೆ ಅದರ ಅತಿ ದೊಡ್ಡ ಯಶಸ್ಸು ‘ಇಟ್ಸ್ ಟೂ ಲೇಟ್’ ಹಾಡಿನ ಸಾಹಿತ್ಯ ಟೋನಿ ಸ್ಟರ್ನ್ ಎಂಬಾಕೆಯದು. ಸ್ವರ ಮಾತ್ರ ಕಿಂಗ್‌ದು. ನಮ್ಮಲ್ಲಿ ಮಾತು, ಧಾತು ಎರಡನ್ನೂ ಕಟ್ಟುವವರನ್ನು ವಾಗ್ಗೇಯಕಾರ ಎನ್ನುತ್ತೇವಲ್ಲ, ಆ ಅರ್ಥದಲ್ಲಿ ಈ ಹಾಡಿನ ಮಟ್ಟಿಗೆ ಆಕೆ ಅರ್ಧ ವಾಗ್ಗೇಯಕಾರ್ತಿ.

ಅದೇ ಆಲ್ಬಂನ ‘ವಿಲ್ ಯು ಲವ್ ಮಿ ಟುಮಾರೊ’ ಇನ್ನೂ ಸ್ವಾರಸ್ಯದ್ದು. 1960ರಲ್ಲಿ ಕಿಂಗ್ ಮತ್ತು ಆಕೆಯ ಆಗಿನ ಗಂಡ ಜೆರ್ರಿ ಗಾಫಿನ್ ಅದನ್ನು ಶಿರೆಲ್ಸ್ ಎಂಬ ಹುಡುಗಿಯರ ತಂಡಕ್ಕಾಗಿ ಕಟ್ಟಿಕೊಟ್ಟಿದ್ದರು. ಇಂದಿನ ಈ ಪ್ರೀತಿ ನಾಳೆಯೂ ಇದ್ದೀತೇ ಎಂಬ ಹೆಣ್ಣಿನ ಅಳುಕನ್ನು ಬರೆದದ್ದು ಗಂಡಸು. ಶಿರೆಲ್ಸ್ ಹಾಡಿದಾಗ ಅದಕ್ಕೆ ಪಿಟೀಲುಗಳ ಹಿಮ್ಮೇಳ, ಕುಣಿಸುವ ನಡೆ. ಹನ್ನೊಂದು ವರ್ಷದ ಮೇಲೆ, ಆ ಮದುವೆ ಮುರಿದಿದ್ದಾಗ, ಕಿಂಗ್ ಅದನ್ನೇ ಪಿಯಾನೊ ಮುಂದೆ ಕೂತು ತೀರಾ ನಿಧಾನಕ್ಕೆ ಇಳಿಸಿದಳು. ಹಿಂದಿನಿಂದ ದನಿಗೂಡಿಸಿದವರು ಜೋನಿ ಮಿಚೆಲ್ ಮತ್ತು ಅದೇ ಜೇಮ್ಸ್ ಟೇಲರ್. ಮೊದಲ ಸಲ ಹುಡುಗಿ ಕೇಳುವ ಪ್ರಶ್ನೆಯಾಗಿದ್ದದ್ದು ಈಗ ಉತ್ತರ ಗೊತ್ತಿರುವವಳ ಪ್ರಶ್ನೆಯಂತೆ ಕೇಳಿಸುತ್ತದೆ.

ಅಂದರೆ ಆತ್ಮಕಥೆ ಎನಿಸಿದ್ದು ಕಸುಬಿನ ಫಲ. ಲಯ ತಗ್ಗಿಸಿ, ವಾದ್ಯ ಕಡಿಮೆ ಮಾಡಿ, ದನಿಯ ಒರಟನ್ನು ಹಾಗೇ ಬಿಟ್ಟು ಸಾಧಿಸಿದ ಆಪ್ತತೆ ಅದು. ಗಿಟಾರ್ ಅಬ್ಬರದಲ್ಲಿ ಕೌಶಲ ಹುಡುಕುತ್ತಿದ್ದ ಕಿವಿಗೆ ಅದು ಕೌಶಲವೆಂದೇ ತೋರಲಿಲ್ಲ. ಈ ರೆಕಾರ್ಡುಗಳನ್ನು ಮನೆಗೊಯ್ದು ಕೇಳುತ್ತಿದ್ದವರಲ್ಲಿ ಹೆಂಗಸರು ಬಹಳ, ರಾಕ್ ವಿಮರ್ಶೆ ಬರೆಯುತ್ತಿದ್ದವರು ಹೆಚ್ಚಾಗಿ ಗಂಡಸರು ಎಂಬುದೂ ಈ ತಾತ್ಸಾರದಲ್ಲಿ ಸೇರಿದೆ ಎಂದು ನನ್ನ ಅನುಮಾನ.